ಪಾರ್ಲರ್ ಮೇಲೆ ಖಾರವಾದ ರಿವ್ಯೂ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯೂಟಿ ಪಾರ್ಲರ್ ಮತ್ತು ಸಲೂನ್ ನಡೆಸುವ ಗೆಳತಿಯರು ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಪ್ರಾಡಕ್ಟ್ ಟ್ರೈನಿಂಗ್ ಮಧ್ಯದ ಕಾಫಿ ಹೊತ್ತಿನಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಹೆಚ್ಚಿನವು ಗೂಗಲ್ ಮ್ಯಾಪ್‌ನಲ್ಲಿ ಬರುವ ರಿವ್ಯೂ ಬಗ್ಗೆ. ಹೊಸ ಕಸ್ಟಮರ್ ಮೊದಲು ನೋಡುವುದು ಅಲ್ಲೇ ಅಲ್ವಾ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಒಂದು ಸ್ಟಾರ್ ನೋಡಿದ ತಕ್ಷಣ ಮೈ ಉರಿಯುತ್ತೆ. ಆಗಲೇ ಉತ್ತರ ಹಾಕಿಬಿಡಬೇಕಾ, ಕಾಯಬೇಕಾ?

ಕಾಯಿರಿ, ಆದರೆ ವಾರಗಟ್ಟಲೆ ಅಲ್ಲ. ಬೆಳಿಗ್ಗೆ ಬಂದ ರಿವ್ಯೂಗೆ ಸಂಜೆ ಅಂಗಡಿ ಮುಚ್ಚಿದ ಮೇಲೆ ಅಥವಾ ಮರುದಿನ ಉತ್ತರ ಕೊಟ್ಟರೆ ಸಾಕು. ಸಿಟ್ಟು ಇಳಿಯಲಿ ಅಂತ ಮಾತ್ರ ಇದನ್ನು ಹೇಳುತ್ತಿಲ್ಲ. ಆ ದಿನ ಕುರ್ಚಿ ಹತ್ತಿರ ಏನಾಯಿತು ಅಂತ ತಿಳಿಯಲು ಅಷ್ಟು ಹೊತ್ತು ಬೇಕೇ ಬೇಕು.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ಮುಖ ಊದಿದೆ, ಕಣ್ಣು ತೆರೆಯಲು ಆಗುತ್ತಿಲ್ಲ, ತಲೆ ಸುಟ್ಟಿದೆ ಅಂತ ಬರೆದಿದ್ದರೆ ಮೊದಲು ಫೋನ್ ಮಾಡಿ. ರಿವ್ಯೂಗೆ ಉತ್ತರ ಆಮೇಲೆ ಬರೆಯಿರಿ.

ಉತ್ತರ ಕೊಡದೆ ಸುಮ್ನೆ ಇದ್ದರೆ ಏನಾಗುತ್ತೆ?

ಬರೆದವರು ಮರೆತುಬಿಡಬಹುದು. ಆದರೆ ಮುಂದಿನ ತಿಂಗಳು ಮದುವೆ ಮೇಕಪ್‌ಗೆ ಪಾರ್ಲರ್ ಹುಡುಕುವವಳು ಅದನ್ನು ಓದುತ್ತಾಳೆ. ಕಡಿಮೆ ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ ಅಂತ ಹುಡುಕಿ ಓದುವವರು ಬಹಳ. ಕೆಳಗೆ ನಿಮ್ಮ ಉತ್ತರ ಇಲ್ಲದಿದ್ದರೆ ಅವಳಿಗೆ ಸಿಗುವುದು ಒಂದೇ ಕಡೆಯ ಕಥೆ.

ಹಾಗಾಗಿ ನೀವು ಬರೆಯುವುದು ಬೈದವರ ಹೆಸರಿಗೆ. ಓದುವವರು ಮಾತ್ರ ಇನ್ನೂ ಬಾರದ ಕಸ್ಟಮರ್‌ಗಳು. ಇದೊಂದು ನೆನಪಿದ್ದರೆ ವಾದ ಗೆಲ್ಲಬೇಕು ಅನ್ನುವ ಹಟ ತಾನಾಗಿ ಇಳಿಯುತ್ತದೆ. ಏಕೆಂದರೆ ಆ ಹೊಸಬಳಿಗೆ ಯಾರು ಸರಿ ಅನ್ನುವುದು ಮುಖ್ಯವಲ್ಲ. ತನಗೆ ಹೀಗಾದರೆ ಈ ಪಾರ್ಲರ್‌ನವರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದಷ್ಟೇ ಬೇಕು.

ಉತ್ತರ ಎಲ್ಲಿ ಬರೆಯಬೇಕು? ನನ್ನ ಸ್ವಂತ ಐಡಿಯಿಂದ ಬರೆದರೆ ಆಗಲ್ವಾ?

ಪಾರ್ಲರ್‌ನ ಪ್ರೊಫೈಲ್ ಯಾವ ಜಿಮೇಲ್‌ನಲ್ಲಿದೆಯೋ ಅದರಲ್ಲಿ ಲಾಗಿನ್ ಆಗಿ, ಗೂಗಲ್‌ನಲ್ಲಿ ಪಾರ್ಲರ್ ಹೆಸರು ಹುಡುಕಿ. ರಿವ್ಯೂಗಳನ್ನು ತೆರೆದರೆ ಪ್ರತಿಯೊಂದರ ಕೆಳಗೂ `Reply` ಇರುತ್ತದೆ. ಅಲ್ಲಿ ಬರೆದದ್ದು ಮಾಲೀಕರ ಉತ್ತರ ಅಂತಲೇ ಕಾಣುತ್ತದೆ, ಬರೆದವರಿಗೂ ಸೂಚನೆ ಹೋಗುತ್ತದೆ. ಹಾಕಿದ ಮೇಲೆ ತಿದ್ದಬಹುದು, ಅಳಿಸಲೂಬಹುದು. ಆದರೆ ಅಷ್ಟರಲ್ಲಿ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ ಅಂದುಕೊಂಡೇ ಬರೆಯಿರಿ.

ಬರೆಯುವ ಮೊದಲು ಏನೇನು ನೋಡಿಕೊಳ್ಳಬೇಕು?

ಮೊದಲು ಅಪಾಯಿಂಟ್‌ಮೆಂಟ್ ಪುಸ್ತಕ ಮತ್ತು ಬಿಲ್. ಯಾವ ದಿನ, ಯಾವ ಸರ್ವಿಸ್, ಎಷ್ಟು ತೆಗೆದುಕೊಂಡಿರಿ, ಯಾರು ಮಾಡಿದರು. ಆಮೇಲೆ ಕಸ್ಟಮರ್ ಕಾರ್ಡ್ ಇದ್ದರೆ ಅದು. ಮುಂಚೆ ಬ್ಲೀಚ್, ಕಲರ್, ಕಪ್ಪು ಮೆಹಂದಿ ಹಾಕಿಸಿದ್ದರಾ ಅಂತ ಕೇಳಿ ಬರೆದುಕೊಂಡಿದ್ದೀರಾ, ಸ್ಟ್ರ್ಯಾಂಡ್ ಟೆಸ್ಟ್ ಆಗಿತ್ತಾ ಅಂತ ನೋಡಿ. ಕೊನೆಗೆ ಕೆಲಸ ಮಾಡಿದ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ ಕೇಳಿ. ಎಲ್ಲರ ಮುಂದೆ ಕೇಳಿದರೆ ಅವಳು ತನ್ನನ್ನು ಉಳಿಸಿಕೊಳ್ಳುವ ಮಾತನ್ನೇ ಆಡುತ್ತಾಳೆ.

ಕಾರ್ಡಿನಲ್ಲಿ ಜಾಗ ಖಾಲಿ ಇದ್ದರೆ ಅದೂ ಒಂದು ಉತ್ತರವೇ. “ಅವರು ಮುಂಚೆ ಬ್ಲೀಚ್ ಮಾಡಿಸಿದ್ದನ್ನು ಮುಚ್ಚಿಟ್ಟರು” ಅನ್ನುವ ಮಾತಿಗೆ ನಿಮ್ಮ ಹತ್ತಿರ ಆಧಾರವಿಲ್ಲ ಅಂತ ಅರ್ಥ. ಕೇಳುವುದು ನಮ್ಮ ಕೆಲಸ, ತಾವಾಗಿ ಹೇಳುವುದು ಅವರ ಕೆಲಸವಲ್ಲ.

## ಬರೆಯಲು ಕೂತಾಗ

ಒಂದು ನಿಜವಾದ ಹಾಗಿರೋ ರಿವ್ಯೂ ತಗೊಂಡು, ಹೇಗೆ ಬರೆಯೋದು ಅಂತ ತೋರಿಸ್ತೀರಾ?

ತೋರಿಸುತ್ತೇನೆ. ಇಂಥ ರಿವ್ಯೂ ಬಂತು ಅಂದುಕೊಳ್ಳಿ:

“ಫೋನಲ್ಲಿ ಸ್ಮೂದನಿಂಗ್ 3,500 ಅಂದ್ರು. ಮುಗಿದ ಮೇಲೆ 6,500 ಬಿಲ್. ಕೇಳಿದ್ರೆ ‘ನಿಮ್ಮ ಕೂದಲು ಉದ್ದ ಇದೆ ಮೇಡಂ, ಗೊತ್ತಾಗಲ್ವಾ’ ಅಂತ ನಕ್ಕರು. ಹತ್ತು ದಿನಕ್ಕೆ ಮುಂದಿನ ಕೂದಲೆಲ್ಲ ತುಂಡು ತುಂಡಾಗಿ ಬರ್ತಿದೆ. ಮೋಸಗಾರರು. ಯಾರೂ ಹೋಗಬೇಡಿ.”

ಇದರಲ್ಲಿ ಮೂರು ದೂರುಗಳಿವೆ: ರೇಟು, ಮಾತು, ಕೂದಲು. “ಮೋಸಗಾರರು” ದೂರಲ್ಲ, ಅದು ಸಿಟ್ಟು. ದೂರಿಗೆ ಉತ್ತರ ಕೊಡಿ, ಸಿಟ್ಟಿಗೆ ಬೇಡ.

ಪುಸ್ತಕ ತೆಗೆದು ನೋಡಿದರೆ ಹೀಗಿದೆ ಅಂದುಕೊಳ್ಳೋಣ. ಬೋರ್ಡಿನಲ್ಲಿ ಭುಜದವರೆಗಿನ ಕೂದಲಿಗೆ 3,500, ಸೊಂಟದವರೆಗೆ 6,500 ಇದೆ. ಫೋನ್ ಎತ್ತಿದ ಹುಡುಗಿ “3,500ರಿಂದ ಶುರು” ಅಂದಿದ್ದಾಳೆ. ಕುರ್ಚಿಗೆ ಕೂರಿಸುವಾಗ ಉದ್ದ ನೋಡಿ ರೇಟು ಹೇಳಿದವರು ಯಾರೂ ಇಲ್ಲ. ಕಾರ್ಡಿನಲ್ಲಿ ಹಿಂದಿನ ಟ್ರೀಟ್‌ಮೆಂಟ್ ಜಾಗ ಖಾಲಿ. ನಕ್ಕಿದ್ದು ಹೌದೋ ಅಲ್ಲವೋ ಗೊತ್ತಿಲ್ಲ, ಆದರೆ “ಉದ್ದ ಇದೆ ಮೇಡಂ” ಅಂದದ್ದು ನಿಜ.

ಸಿಟ್ಟಿನಲ್ಲಿ ಬರೆದರೆ ಹೀಗಾಗುತ್ತದೆ: “ಡಿಯರ್ ಕಸ್ಟಮರ್, ರೇಟು ಬೋರ್ಡಿನಲ್ಲಿ ಸ್ಪಷ್ಟವಾಗಿ ಬರೆದಿದೆ. ನಾವು ಬ್ರ್ಯಾಂಡೆಡ್ ಪ್ರಾಡಕ್ಟ್ ಮಾತ್ರ ಬಳಸುತ್ತೇವೆ. ನೀವು ಮನೆಯಲ್ಲಿ ಸರಿಯಾಗಿ ನೋಡಿಕೊಳ್ಳದಿದ್ದರೆ ಅದು ನಮ್ಮ ತಪ್ಪಲ್ಲ.” ಮೂರನೇ ವಾಕ್ಯ ಓದಿದ ಹೊಸ ಕಸ್ಟಮರ್‌ಗೆ ಅರ್ಥವಾಗುವುದು ಇಷ್ಟೇ: ಇಲ್ಲಿ ಏನಾದರೂ ನನ್ನ ತಲೆಗೇ ಕಟ್ಟುತ್ತಾರೆ.

ಇದರ ಬದಲು ಹೀಗೆ ಬರೆಯಬಹುದು:

“ನಮಸ್ಕಾರ ಮೇಡಂ. ಕೆಲಸ ಶುರು ಮಾಡುವ ಮೊದಲೇ ನಿಮ್ಮ ಕೂದಲಿನ ಉದ್ದಕ್ಕೆ ಎಷ್ಟಾಗುತ್ತದೆ ಅಂತ ನಾವು ಹೇಳಬೇಕಿತ್ತು. ಹೇಳಲಿಲ್ಲ, ಕ್ಷಮಿಸಿ. ನೀವು ಕೇಳಿದಾಗ ಬಂದ ಉತ್ತರವೂ ಸರಿ ಇರಲಿಲ್ಲ. ಆ ಬಗ್ಗೆ ನಮ್ಮ ಸ್ಟಾಫ್ ಜೊತೆ ಮಾತಾಡಿದ್ದೇನೆ. ಕೂದಲು ತುಂಡಾಗುತ್ತಿರುವುದನ್ನು ನಾನೇ ನೋಡಬೇಕು. ಸೋಮವಾರದಿಂದ ಗುರುವಾರದೊಳಗೆ ಯಾವಾಗ ಬಂದರೂ ಆಗುತ್ತದೆ, ಇದಕ್ಕೆ ಯಾವ ಚಾರ್ಜೂ ಇಲ್ಲ. ಅಲ್ಲಿಯವರೆಗೆ ಐರನ್, ಕಲರ್ ಯಾವುದೂ ಬೇಡ. ಪಾರ್ಲರ್ ನಂಬರಿಗೆ ಫೋನ್ ಮಾಡಿ ನನ್ನನ್ನೇ ಕೇಳಿ. ಬಿಲ್ಲಿನ ವಿಷಯವನ್ನೂ ಆಗ ಮಾತಾಡೋಣ.” ಕೆಳಗೆ ನಿಮ್ಮ ಹೆಸರು, “ಮಾಲೀಕರು” ಅಂತ.

ರೇಟಿನ ವಿಷಯದಲ್ಲಿ ತಪ್ಪು ಖಚಿತ, ಅದಕ್ಕೆ ನೇರವಾಗಿ ಕ್ಷಮೆ ಕೇಳಿದ್ದಾಗಿದೆ. ನಕ್ಕರೋ ಇಲ್ಲವೋ ಅನ್ನುವ ಚರ್ಚೆಗೆ ಹೋಗಿಲ್ಲ, ಒಪ್ಪಿಕೊಳ್ಳಬಹುದಾದಷ್ಟನ್ನು ಮಾತ್ರ ಒಪ್ಪಿದೆ. ಕೂದಲು ಯಾಕೆ ತುಂಡಾಯಿತು ಅಂತ ನೋಡದೆ ಹೇಳಲಾಗದು. ಅದಕ್ಕೇ ಅಲ್ಲಿ ಕಾರಣವೂ ಇಲ್ಲ, ಕ್ಷಮೆಯೂ ಇಲ್ಲ, ಕರೆ ಮಾತ್ರ ಇದೆ. ದುಡ್ಡಿನ ಮೊತ್ತ ಬರೆದಿಲ್ಲ. ಬರೆದರೆ ನಾಳೆಯಿಂದ ಅದೇ ರೇಟಾಗುತ್ತದೆ.

ಅವರು ಬಂದರೆ ಕೂದಲಲ್ಲಿ ಏನು ನೋಡೋದು? ಏನು ಹೇಳೋದು?

ಇದು ಉತ್ತರದ ಎರಡನೇ ಅರ್ಧ. ಬರೆದು ಕರೆದ ಮೇಲೆ ಬಂದವರಿಗೆ ನಿಜವಾಗಿ ಏನಾದರೂ ಸಿಗಬೇಕು.

ಮೊದಲು ಕೂದಲು ಉದುರುತ್ತಿದೆಯೋ ತುಂಡಾಗುತ್ತಿದೆಯೋ ನೋಡಿ. ಬಿದ್ದ ಕೂದಲು ಪೂರ್ತಿ ಉದ್ದವಿದ್ದು ಒಂದು ತುದಿಯಲ್ಲಿ ಚಿಕ್ಕ ಬಿಳಿ ಗಂಟು ಇದ್ದರೆ ಅದು ಬೇರಿನಿಂದ ಬಂದದ್ದು. ಅದಕ್ಕೆ ಜ್ವರ, ಬಾಣಂತನ, ಥೈರಾಯ್ಡ್, ರಕ್ತ ಕಡಿಮೆ ಇರುವುದು ಹೀಗೆ ನೂರು ಕಾರಣ ಇರಬಹುದು, ಚರ್ಮದ ಡಾಕ್ಟರ್ ನೋಡಬೇಕು. ಚಿಕ್ಕ ತುಂಡುಗಳಾಗಿದ್ದು ಗಂಟೇ ಇಲ್ಲದಿದ್ದರೆ ಕೂದಲಿನ ಎಳೆಯೇ ಮುರಿದಿದೆ.

ಸ್ಮೂದನಿಂಗ್ ಆದ ಮೇಲೆ ಎಳೆ ಮುರಿಯುವುದು ಹೊಸದಲ್ಲ. ಕ್ರೀಮ್ ಕೂದಲಿನೊಳಗಿನ ಬಂಧಗಳನ್ನು ಸಡಿಲ ಮಾಡುತ್ತದೆ. ಐರನ್ ಮಾಡಿ ನೇರ ಮಾಡಿದ ಮೇಲೆ ನ್ಯೂಟ್ರಲೈಸರ್ ಅವನ್ನು ಮತ್ತೆ ಕಟ್ಟುತ್ತದೆ. ಕ್ರೀಮ್ ಜಾಸ್ತಿ ಹೊತ್ತು ಉಳಿದರೆ, ಐರನ್ ವಿಪರೀತ ಬಿಸಿ ಇದ್ದರೆ, ಬ್ಲೀಚ್ ಆದ ಕೂದಲಿಗೆ ಗಟ್ಟಿ ಕ್ರೀಮ್ ಹಾಕಿದ್ದರೆ ಎಳೆ ಸೋಲುತ್ತದೆ. ಹಣೆಯ ಅಂಚಿನ ಕೂದಲು ತೆಳು, ಹಾಗಾಗಿ ಮೊದಲು ಮುರಿಯುವುದು ಅದೇ. ಒದ್ದೆ ಕೂದಲಿನ ಒಂದು ಎಳೆಯನ್ನು ಮೆಲ್ಲಗೆ ಎಳೆದು ನೋಡಿ. ಗಟ್ಟಿ ಎಳೆ ಸ್ವಲ್ಪ ಹಿಗ್ಗಿ ವಾಪಸ್ ಬರುತ್ತದೆ. ಕೆಟ್ಟದ್ದು ಅಂಟಿನ ಹಾಗೆ ಎಳೆದುಕೊಂಡು ಹೋಗಿ ಹರಿಯುತ್ತದೆ.

ಹಾಗಾಗಿದ್ದರೆ ನಿಜ ಹೇಳಿ. ಸತ್ತ ಎಳೆಯನ್ನು ಯಾವ ಸ್ಪಾ, ಯಾವ ಮಾಸ್ಕ್ ಕೂಡ ಮೊದಲಿನಂತೆ ಮಾಡಲ್ಲ. ನುಣುಪಾಗಿಸಿ ಇನ್ನಷ್ಟು ಮುರಿಯದಂತೆ ತಡೆಯಬಹುದು, ತುದಿ ಟ್ರಿಮ್ ಮಾಡಬಹುದು, ಅಷ್ಟೇ. ಹೊಸ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಅಲ್ಲಿಯವರೆಗೆ ಕೆಮಿಕಲ್ ಬೇಡ. “ಇನ್ನೊಂದು ಸಲ ಕೆರಾಟಿನ್ ಹಾಕಿದ್ರೆ ಸರಿಹೋಗುತ್ತೆ” ಅಂತ ಆ ಹೊತ್ತಿನಲ್ಲಿ ಇನ್ನೊಂದು ಸರ್ವಿಸ್ ಮಾರಿದರೆ ಎರಡನೇ ರಿವ್ಯೂ ಗ್ಯಾರಂಟಿ.

ಮೇಲಿನ ಉದಾಹರಣೆಯಲ್ಲಿ ನಾನಾಗಿದ್ದರೆ ರೇಟಿನ ವ್ಯತ್ಯಾಸದ 3,000 ವಾಪಸ್ ಕೊಟ್ಟು, ಟ್ರಿಮ್ ಪುಕ್ಕಟೆ ಮಾಡಿ, ಕೊಟ್ಟದ್ದನ್ನು ಬಿಲ್ ಕಾಪಿಯ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದೆ.

ಸಾರಿ ಅಂದರೆ ತಪ್ಪು ಒಪ್ಪಿಕೊಂಡ ಹಾಗಲ್ವಾ?

ಯಾವುದಕ್ಕೆ ಸಾರಿ ಅನ್ನುತ್ತೀರಿ ಅನ್ನುವುದರ ಮೇಲಿದೆ. “ಎರಡು ಗಂಟೆ ಕಾಯಿಸಿದ್ದಕ್ಕೆ ಕ್ಷಮಿಸಿ” ಅನ್ನಬಹುದು, ಕಾಯಿಸಿದ್ದು ನಿಜ. “ನಮ್ಮ ಕ್ರೀಮಿನಿಂದ ನಿಮ್ಮ ಚರ್ಮ ಸುಟ್ಟಿದ್ದಕ್ಕೆ ಕ್ಷಮಿಸಿ” ಅಂತ ನೋಡದೆ ಬರೆಯಬಾರದು, ಏಕೆಂದರೆ ನಿಮಗಿನ್ನೂ ಗೊತ್ತಿಲ್ಲ. ಅಲ್ಲಿ “ನಿಮಗೆ ಹೀಗೆ ತೊಂದರೆಯಾದದ್ದು ಓದಿ ಬೇಸರವಾಯಿತು” ಅಂದರೆ ಸಾಕು.

ಬೇಡವೇ ಬೇಡದ ಸಾರಿ ಒಂದಿದೆ: “ನಿಮಗೆ ಹಾಗೆ ಅನ್ನಿಸಿದ್ದರೆ ಕ್ಷಮಿಸಿ.” ಓದಿದವರಿಗೆ ಅದು ಬೈಗುಳದ ಹಾಗೇ ಕೇಳುತ್ತದೆ.

ಕಸ್ಟಮರ್ ಅರ್ಧ ಸುಳ್ಳು ಬರೆದಿದ್ದಾರೆ. ನಿಜ ಏನು ಅಂತ ನಾನು ಹೇಳಬಾರದಾ?

ಹೇಳಬಹುದು, ಅವರ ಗುಟ್ಟು ಬಿಚ್ಚದೆ. ಒಬ್ಬರು ಸಿಟ್ಟಿನಲ್ಲಿ “ನಿಮ್ಮ ತಲೆಯಲ್ಲಿ ಹೇನಿತ್ತು, ಅದಕ್ಕೇ ಹುಡುಗಿ ಬೇರೆ ಬಾಚಣಿಗೆ ತಂದಳು” ಅಂತ ಬರೆಯಲು ಹೊರಟಿದ್ದರು. ಹೇನು ಇದ್ದದ್ದು ನಿಜವೇ ಇರಬಹುದು. ಆದರೆ ಅದನ್ನು ಓದಿದ ಮೇಲೆ ಆ ಕುರ್ಚಿಯಲ್ಲಿ ಯಾರು ನಿಶ್ಚಿಂತೆಯಿಂದ ತಲೆ ಕೊಡುತ್ತಾರೆ?

ನಾನು ಪಾಲಿಸುವ ಗೆರೆ ಇದು: ಕಸ್ಟಮರ್ ತಾವಾಗಿ ಬರೆದ ವಿಷಯ ಬಿಟ್ಟು ಅವರ ಮೈ, ಕೂದಲು, ಚರ್ಮ, ಮನೆ, ಮದುವೆ, ವಯಸ್ಸು ಯಾವುದೂ ನಮ್ಮ ಉತ್ತರದಲ್ಲಿ ಬರಬಾರದು. ಫೋನ್ ನಂಬರ್, ಸಿಸಿಟಿವಿ ಫೋಟೋ, ವಾಟ್ಸ್‌ಆ್ಯಪ್ ಚಾಟ್‌ನ ಸ್ಕ್ರೀನ್‌ಶಾಟ್ ಅಂತೂ ಬೇಡವೇ ಬೇಡ.

ನಿಮ್ಮ ಪಾರ್ಲರ್ ಬಗ್ಗೆ ಮಾತ್ರ ಧೈರ್ಯವಾಗಿ ಹೇಳಿ. “ಒಬ್ಬರಿಗೆ ಬಳಸಿದ ವ್ಯಾಕ್ಸ್ ಇನ್ನೊಬ್ಬರಿಗೆ ಹಾಕ್ತಾರೆ” ಅಂತ ಬರೆದಿದ್ದರೆ, ಮತ್ತು ನೀವು ಹಾಗೆ ಮಾಡುವುದಿಲ್ಲವಾದರೆ, “ನಾವು ಕಾರ್ಟ್ರಿಡ್ಜ್ ವ್ಯಾಕ್ಸ್ ಬಳಸುತ್ತೇವೆ, ಪ್ರತಿಯೊಬ್ಬರಿಗೂ ಹೊಸ ರೋಲರ್. ಮುಂದಿನ ಸಲ ನಿಮ್ಮ ಮುಂದೆಯೇ ಪ್ಯಾಕೆಟ್ ತೆರೆಯುತ್ತೇವೆ” ಅನ್ನಿ. ಒಂದೇ ಒಂದು ತಿದ್ದುಪಡಿ ಸಾಕು. ಐದು ತಿದ್ದಲು ಹೋದರೆ ಕೋರ್ಟಿನ ವಾದದಂತೆ ಕಾಣುತ್ತದೆ.

ಕನ್ನಡದಲ್ಲಿ ಬರೆಯಲಾ, ಇಂಗ್ಲಿಷಲ್ಲಾ?

ಅವರು ಬರೆದ ಭಾಷೆಯಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರೆ ಕನ್ನಡ ಲಿಪಿಯಲ್ಲೇ ಉತ್ತರಿಸಿ, ಓದುತ್ತಾರೆ. ನಿಮಗೆ ಬಾರದ ಇಂಗ್ಲಿಷಿನಲ್ಲಿ ಕಾಪಿ ಮಾಡಿದ ದೊಡ್ಡ ವಾಕ್ಯಗಳು ಬೇಡ. ಎಲ್ಲ ರಿವ್ಯೂಗೂ ಅದೇ ಸಾಲು ಅಂಟಿಸಿದ್ದು ಕೆಳಗೆ ಸ್ಕ್ರೋಲ್ ಮಾಡಿದರೆ ಗೊತ್ತಾಗಿಬಿಡುತ್ತದೆ.

ನಮ್ಮ ಹುಡುಗಿಯ ಹೆಸರು ಹಾಕಿ ಬೈದಿದ್ದಾರೆ. ಅವಳು ಅಳ್ತಾ ಕೂತಿದ್ದಾಳೆ.

ಉತ್ತರದಲ್ಲಿ ಅವಳ ಹೆಸರನ್ನು ಮತ್ತೆ ಎತ್ತಬೇಡಿ. “ನಮ್ಮ ಸ್ಟಾಫ್” ಅನ್ನಿ, ಜವಾಬ್ದಾರಿಯನ್ನು “ನಾವು” ಅಂತ ತೆಗೆದುಕೊಳ್ಳಿ. “ಅವಳನ್ನು ಕೆಲಸದಿಂದ ತೆಗೆದಿದ್ದೇವೆ” ಅಂತ ಬರೆಯುವವರಿದ್ದಾರೆ. ಕಸ್ಟಮರ್ ಸಿಟ್ಟು ಒಂದು ದಿನದ್ದು, ಆ ಸಾಲು ಮಾತ್ರ ಅವಳು ಮುಂದೆ ಕೆಲಸ ಕೇಳುವ ಕಡೆಯಲ್ಲೆಲ್ಲ ಹಿಂದೆ ಬರುತ್ತದೆ. ಜಾತಿ, ಊರು, ಬಣ್ಣ ಹಿಡಿದು ಬೈದಿದ್ದರೆ ಅದು ಬೇರೆ ಮಾತು. ಅದನ್ನು ಗೂಗಲ್‌ಗೆ ರಿಪೋರ್ಟ್ ಮಾಡಲು ಸರಿಯಾದ ಕಾರಣವಿದೆ.

## ಗೋಜಿನ ಪ್ರಶ್ನೆಗಳು

ಹೇರ್ ಡೈಯಿಂದ ಅಲರ್ಜಿ ಆಯ್ತು ಅಂತ ಫೋಟೋ ಹಾಕಿದ್ದಾರೆ. ಆದರೆ ಆವತ್ತು ಚೆನ್ನಾಗೇ ಮನೆಗೆ ಹೋದರಲ್ಲ?

ಹೋಗಿರುತ್ತಾರೆ. ಕಪ್ಪು, ಕಂದು ಡೈಗಳಲ್ಲಿ ಸಾಮಾನ್ಯವಾಗಿ ಇರುವ ಪಿಪಿಡಿ ಅನ್ನುವ ಪದಾರ್ಥದ ಅಲರ್ಜಿ ಎಷ್ಟೋ ಸಲ ಒಂದೆರಡು ದಿನ ಬಿಟ್ಟು ಏಳುತ್ತದೆ. ಹಣೆಯ ಅಂಚು, ಕಿವಿ, ಕಣ್ಣಿನ ರೆಪ್ಪೆ ಕೆಂಪಾಗಿ ಊದಿಕೊಳ್ಳುತ್ತವೆ. ವರ್ಷಗಟ್ಟಲೆ ಹಚ್ಚಿಸಿಕೊಂಡವರಿಗೂ ಒಂದು ದಿನ ಬರಬಹುದು. ಹಾಗಾಗಿ “ಆವತ್ತು ಏನೂ ಆಗಿರಲಿಲ್ಲ” ಅನ್ನುವುದಾಗಲಿ, “ಹಿಂದಿನ ಸಲ ಆಗಿರಲಿಲ್ಲ” ಅನ್ನುವುದಾಗಲಿ ವಾದವೇ ಅಲ್ಲ.

ಫೋನ್ ಮಾಡಿ. ಉಸಿರಾಟದ ತೊಂದರೆ, ತುಟಿ ನಾಲಿಗೆ ಊತ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಲು ಹೇಳಿ. ಇಲ್ಲದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಲು ಹೇಳಿ, ಡೈಯ ಹೆಸರು, ಶೇಡ್, ಬ್ಯಾಚ್ ನಂಬರ್ ಕಳಿಸಿ. ಡಾಕ್ಟರಿಗೆ ಅದು ಕೆಲಸಕ್ಕೆ ಬರುತ್ತದೆ. ಮನೆಮದ್ದು, ಮುಲಾಮು ನೀವು ಹೇಳಬೇಡಿ.

ಆಮೇಲೆ ಕೆಳಗೆ ಬರೆಯಿರಿ: “ಇಂದು ನಿಮ್ಮ ಜೊತೆ ಮಾತಾಡಿದೆ, ಡೈಯ ವಿವರ ಕಳಿಸಿದ್ದೇನೆ. ಡಾಕ್ಟರ್ ಏನು ಹೇಳಿದರು ಅಂತ ತಿಳಿಸಿ, ನಾವು ಜೊತೆಗಿದ್ದೇವೆ.” ಪ್ಯಾಚ್ ಟೆಸ್ಟ್ ಮಾಡಿದ್ದಿರಾ ಅಂತ ಓದುವವರು ಕೇಳಿಕೊಳ್ಳುತ್ತಾರೆ. ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ನೋಡುವುದು ಅದು. ಮಾಡಿದ್ದರೆ ಹೇಳಿ. ಮಾಡಿರದಿದ್ದರೆ “ಎಲ್ಲರಿಗೂ ಮಾಡ್ತೇವೆ” ಅಂತ ಬರೆಯಬೇಡಿ. ನಿಮ್ಮ ಹಳೆಯ ಕಸ್ಟಮರ್‌ಗಳೇ ಅದನ್ನು ಓದಿ ನಗುತ್ತಾರೆ.

ದುಡ್ಡು ವಾಪಸ್ ಕೊಡ್ತೀನಿ, ರಿವ್ಯೂ ತೆಗೀರಿ ಅಂತ ಕೇಳಬಹುದಾ?

ಬೇಡ. ರಿವ್ಯೂ ತೆಗೆಯಲು ಅಥವಾ ಬದಲಿಸಲು ದುಡ್ಡು, ಡಿಸ್ಕೌಂಟ್, ಪುಕ್ಕಟೆ ಫೇಶಿಯಲ್ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಅದಕ್ಕಿಂತ ದೊಡ್ಡ ಅಪಾಯ, ಆ ಮೆಸೇಜಿನ ಸ್ಕ್ರೀನ್‌ಶಾಟ್ ಮುಂದಿನ ರಿವ್ಯೂ ಆಗಿ ಬರುವುದು.

ಕೊಡಬೇಕಾದ ದುಡ್ಡನ್ನು ಷರತ್ತಿಲ್ಲದೆ ಕೊಡಿ. ಮನಸ್ಸು ತಿಳಿಯಾದವರು ಎಷ್ಟೋ ಸಲ ತಾವೇ ಬಂದು ತಿದ್ದುತ್ತಾರೆ. ತಿದ್ದದಿದ್ದರೂ ನಿಮ್ಮ ಉತ್ತರದ ಕೊನೆಗೆ “ಮೇಡಂ ಬಂದಿದ್ದರು, ಬಿಲ್ಲಿನ ವಿಷಯ ಬಗೆಹರಿಯಿತು” ಅಂತ ಒಂದು ಸಾಲು ಸೇರಿಸಬಹುದು. ಅದೂ ಅವರನ್ನು ಕೇಳಿ.

ಇವರು ನಮ್ಮ ಕಸ್ಟಮರೇ ಅಲ್ಲ. ಪಕ್ಕದ ಪಾರ್ಲರ್‌ನವರ ಕೆಲಸ ಅನ್ಸುತ್ತೆ.

ಇರಬಹುದು. ಆದರೆ ಮಗಳ ಫೋನಿನಿಂದ ಅಮ್ಮ ಬರೆದಿರಬಹುದು, ಗೂಗಲ್‌ನಲ್ಲಿರುವ ಹೆಸರು ಬೇರೆಯೇ ಇರಬಹುದು. ಆದ್ದರಿಂದ ಮೊದಲ ಉತ್ತರದಲ್ಲೇ “ಫೇಕ್” ಅನ್ನಬೇಡಿ. “ಈ ಹೆಸರಿನಲ್ಲಿ ನಮ್ಮ ಬಿಲ್ ಸಿಗಲಿಲ್ಲ. ಬಂದ ದಿನ ತಿಳಿಸಿದರೆ ಹುಡುಕಿ ನೋಡುತ್ತೇನೆ” ಅಂದರೆ ಸುಳ್ಳಾಗಿದ್ದರೆ ಓದುವವರಿಗೇ ಗೊತ್ತಾಗುತ್ತದೆ, ನಿಜವಾಗಿದ್ದರೆ ನಿಮ್ಮ ಮರ್ಯಾದೆ ಉಳಿಯುತ್ತದೆ.

ಜೊತೆಗೆ ರಿವ್ಯೂ ಪಕ್ಕದ ಮೂರು ಚುಕ್ಕಿ ಒತ್ತಿ ರಿಪೋರ್ಟ್ ಮಾಡಿ. ಗೂಗಲ್ ತೆಗೆಯುವುದು ನಿಯಮ ಮುರಿದದ್ದನ್ನು: ನಕಲಿ ಅನುಭವ, ಬೈಗುಳ, ಖಾಸಗಿ ವಿವರ, ಸಂಬಂಧವಿಲ್ಲದ ಮಾತು. “ಸರ್ವಿಸ್ ಚೆನ್ನಾಗಿಲ್ಲ” ಅನ್ನುವ ಅಭಿಪ್ರಾಯ ಎಷ್ಟು ಖಾರವಾಗಿದ್ದರೂ ಉಳಿಯುತ್ತದೆ. ನಿರ್ಧಾರ ಬರಲು ಕೆಲವು ದಿನ ಹಿಡಿಯುತ್ತದೆ. ಒಪ್ಪದಿದ್ದರೆ ಒಂದು ಸಲ ಮೇಲ್ಮನವಿಗೆ ಅವಕಾಶವಿದೆ, ಅದನ್ನು ಸಾಕ್ಷಿ ಇಟ್ಟುಕೊಂಡೇ ಬಳಸಿ.

ತಂಗಿ, ನಾದಿನಿ, ಸ್ಟಾಫ್ ಎಲ್ಲರ ಕೈಲೂ ಐದು ಸ್ಟಾರ್ ಹಾಕಿಸುವ ಯೋಚನೆ ಬಿಡಿ. ಅವು ನಕಲಿ ರಿವ್ಯೂಗಳೇ. ಇಂಥವನ್ನು ತಡೆಯಲೆಂದೇ ನಮ್ಮ ದೇಶದಲ್ಲಿ 2022ರಲ್ಲಿ ಐಎಸ್ 19000 ಅನ್ನುವ ಮಾನದಂಡವೂ ಬಂದಿದೆ.

ನನ್ನ ಉತ್ತರಕ್ಕೆ ಮತ್ತೆ ಇನ್ನೂ ಜೋರಾಗಿ ಬರೆದಿದ್ದಾರೆ. ನಾನೂ ಬರೆಯಲಾ?

ಅವರು ತಮ್ಮ ರಿವ್ಯೂ ತಿದ್ದಿ ಹೊಸ ವಿಷಯ ಸೇರಿಸಿದ್ದರೆ ನಿಮ್ಮ ಉತ್ತರವನ್ನೂ ಒಂದು ಸಲ ತಿದ್ದಿ. ಹೊಸ ವಿಷಯವಿಲ್ಲದೆ ಬರೀ ಬೈಗುಳ ಸೇರಿದ್ದರೆ ಮೊದಲ ಉತ್ತರ ಹಾಗೇ ಇರಲಿ. ಎರಡು ಸಲ ಫೋನ್ ಮಾಡಿ ಎತ್ತಲಿಲ್ಲ ಅಂದರೆ ಮೂರನೆಯದು ಬೇಡ, ಅದು ಕಾಟ ಅನ್ನಿಸುತ್ತದೆ.

ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೀನಿ ಅಂತ ಬರೆದಿದ್ದಾರೆ. ಉತ್ತರ ಕೊಡೋದೇ ಅಪಾಯ ಅಲ್ವಾ?

ಲಾಯರ್ ನೋಟಿಸ್ ನಿಜವಾಗಿ ಬಂದಿದ್ದರೆ ಬರೆಯುವುದನ್ನು ನಿಲ್ಲಿಸಿ ನಿಮ್ಮ ಲಾಯರ್ ಹತ್ತಿರ ಹೋಗಿ. ಬರೀ ಬೆದರಿಕೆಯಾಗಿದ್ದರೆ ಒಂದು ಚಿಕ್ಕ, ಮರ್ಯಾದೆಯ ಉತ್ತರದಿಂದ ತೊಂದರೆಯಿಲ್ಲ. “ಹೋಗಿ, ನೋಡ್ಕೊಳ್ತೀವಿ” ಅನ್ನುವ ಸಾಲಿನಿಂದ ತೊಂದರೆ ಇದೆ.

ಪಾರ್ಲರ್ ಕೆಲಸವೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಸೇವೆಯೇ. ದೂರು ಕೊಡಲು ಗ್ರಾಹಕರಿಗೆ ಸಾಮಾನ್ಯವಾಗಿ ಎರಡು ವರ್ಷ ಸಮಯವಿದೆ. ಅಂದರೆ ಬಿಲ್ ಕಾಪಿ, ಕಸ್ಟಮರ್ ಕಾರ್ಡ್, ಸಹಿ ಮಾಡಿಸಿದ ಒಪ್ಪಿಗೆ ಚೀಟಿ ಕನಿಷ್ಠ ಅಷ್ಟು ಕಾಲ ನಿಮ್ಮ ಹತ್ತಿರ ಇರಬೇಕು.

ದೆಹಲಿಯ ಒಂದು ಪಂಚತಾರಾ ಹೋಟೆಲಿನ ಸಲೂನಿನ ಕೇಸು ನಿಮಗೆ ನೆನಪಿರಬಹುದು. 2018ರಲ್ಲಿ ಹೇಳಿದ್ದಕ್ಕಿಂತ ತುಂಬಾ ಚಿಕ್ಕದಾಗಿ ಕೂದಲು ಕತ್ತರಿಸಿದರು ಅಂತ ಒಬ್ಬ ಮಹಿಳೆ ದೂರು ಕೊಟ್ಟರು. 2021ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಎರಡು ಕೋಟಿ ಪರಿಹಾರ ಕೊಡಿ ಅಂದಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಮೊತ್ತವನ್ನು ಬದಿಗಿಟ್ಟು, ಪರಿಹಾರಕ್ಕೆ ಸಾಕ್ಷಿ ಬೇಕು, ಮತ್ತೆ ನೋಡಿ ಅಂತ ಆಯೋಗಕ್ಕೆ ವಾಪಸ್ ಕಳಿಸಿತು. ಎರಡೂ ಕಡೆಯವರಿಗೆ ಕಾಗದವೇ ಮುಖ್ಯವಾಯಿತು. ನಿಮ್ಮ ರಿವ್ಯೂ ಉತ್ತರವೂ ಅಂಥ ಒಂದು ಕಾಗದವೇ. ಹಾಕಿದ ದಿನವೇ ಅವರ ರಿವ್ಯೂ ಮತ್ತು ನಿಮ್ಮ ಉತ್ತರ ಎರಡರ ಸ್ಕ್ರೀನ್‌ಶಾಟ್ ತೆಗೆದು, ಆ ದಿನದ ಬಿಲ್ಲಿನ ಜೊತೆ ಪಿನ್ ಮಾಡಿಡಿ.